60 ಡಿಗ್ರಿಯನ್ನು ಮೂರು ಪಾಲು ಮಾಡಿ ನೋಡೋಣ: ಕೈವಾರ ಎಲ್ಲಿ ಸೋಲುತ್ತದೆ, ಏಕೆ ಸೋಲುತ್ತದೆ

ದಾವಣಗೆರೆಯ ಬೆಣ್ಣೆದೋಸೆಯಿಂದಲೇ ಶುರು ಮಾಡೋಣ. ದುಂಡನೆಯ ದೋಸೆಯೊಂದನ್ನು ನಡುಮಧ್ಯದಿಂದ ಮೂರು ಸಮಪಾಲು ಮಾಡಿ, ಒಂದು ಪಾಲನ್ನು ತಟ್ಟೆಗೆ ಹಾಕಿಕೊಳ್ಳಿ. ಅದರ ಮೂಲೆಯಲ್ಲಿರುವ ಕೋನ 120 ಡಿಗ್ರಿ. ಈ ಒಂದು ಪಾಲನ್ನು ಈಗ ಮತ್ತೆ ಮೂವರಿಗೆ ಹಂಚಬೇಕು. ಹೆಚ್ಚಿನವರಿಗೆ ಮೊದಲು ಹೊಳೆಯುವ ಉಪಾಯ ಇದು: ಅಂಚಿನ ಎರಡು ತುದಿಗಳ ನಡುವೆ ದಾರ ಬಿಗಿಯಾಗಿ ಹಿಡಿದು, ಆ ದಾರವನ್ನು ಮೂರು ಸಮಭಾಗ ಮಾಡಿ, ಗುರುತು ಬಿದ್ದಲ್ಲಿಗೆ ಮೂಲೆಯಿಂದ ನೇರ ಚಾಕು ಹಾಯಿಸುವುದು. ಹಾಗೆ ಕತ್ತರಿಸಿದರೆ ನಡುವಿನವನಿಗೆ 60 ಡಿಗ್ರಿ, ಆಚೀಚೆ ಕೂತವರಿಗೆ ತಲಾ 30 ಡಿಗ್ರಿ ಬರುತ್ತದೆ. ಮೂವರಲ್ಲಿ ಒಬ್ಬನಿಗೇ ಅರ್ಧ ಹೋಯಿತು!

ತಪ್ಪಿದ್ದೆಲ್ಲಿ? ನೇರ ದಾರದ ನಡುಭಾಗ ಮೂಲೆಗೆ ಹತ್ತಿರ, ತುದಿಭಾಗಗಳು ದೂರ. ಒಂದೇ ಉದ್ದದ ಕಡ್ಡಿ ಕಣ್ಣಿಗೆ ಹತ್ತಿರ ಬಂದರೆ ದೊಡ್ಡದಾಗಿ ಕಾಣುವ ಹಾಗೆ, ನಡುಭಾಗ ಹೆಚ್ಚು ಕೋನವನ್ನು ನುಂಗುತ್ತದೆ. ರೇಖಾಗಣಿತದ ಮಾತಿನಲ್ಲಿ ಹೇಳುವುದಾದರೆ ನಾವು ಭಾಗ ಮಾಡಿದ್ದು ಜ್ಯಾವನ್ನು, ಕಂಸವನ್ನಲ್ಲ. ಕೋನ ಚಿಕ್ಕದಾದಷ್ಟೂ ಈ ತಪ್ಪು ಬಚ್ಚಿಟ್ಟುಕೊಳ್ಳುತ್ತದೆ. 60 ಡಿಗ್ರಿಗೆ ಮಾಡಿದರೆ ನಡುವೆ ಸುಮಾರು 21.8, ಪಕ್ಕಗಳಲ್ಲಿ 19.1 ಬರುತ್ತದೆ. 30 ಡಿಗ್ರಿಗೆ ಮಾಡಿದರೆ ನಡುವೆ 10.2, ಪಕ್ಕಗಳಲ್ಲಿ 9.9. ಕೋನಮಾಪಕದಲ್ಲಿ ಇದು ಗೊತ್ತೇ ಆಗುವುದಿಲ್ಲ. ‘ನನ್ನ ವಿಧಾನ ಸರಿಯಾಗಿದೆ’ ಎಂದು ಬಹಳ ಮಂದಿ ನಂಬಿಬಿಡುವುದು ಇಂಥ ಚಿಕ್ಕ ಕೋನಗಳಿಂದಲೇ. ನಿಮ್ಮ ವಿಧಾನವನ್ನು ಪರೀಕ್ಷಿಸುವಾಗ ಯಾವತ್ತೂ ದೊಡ್ಡ ಕೋನವನ್ನೇ ಆರಿಸಿಕೊಳ್ಳಿ.

ಆಟದ ನಿಯಮ

ಕೋನವನ್ನು ಮೂರು ಸಮಪಾಲು ಮಾಡಲು ನಮ್ಮ ಕೈಯಲ್ಲಿರುವುದು ಪಟ್ಟಿ, ಕೈವಾರ ಎರಡೇ. ಪಟ್ಟಿಯ ಮೇಲೆ ಗುರುತುಗಳಿಲ್ಲ. ಗೊತ್ತಿರುವ ಎರಡು ಬಿಂದುಗಳನ್ನು ಸೇರಿಸಿ ಗೆರೆ ಎಳೆಯುವುದಷ್ಟೇ ಅದರ ಕೆಲಸ. ಕೈವಾರದ ಮುಳ್ಳು ಗೊತ್ತಿರುವ ಬಿಂದುವಿನ ಮೇಲೇ ಕೂರಬೇಕು, ತ್ರಿಜ್ಯವೂ ಗೊತ್ತಿರುವ ಎರಡು ಬಿಂದುಗಳ ದೂರವೇ ಆಗಿರಬೇಕು. ಗೆರೆಗಳು, ವೃತ್ತಗಳು ಕತ್ತರಿಸಿದಲ್ಲಿ ಹೊಸ ಬಿಂದು ಹುಟ್ಟುತ್ತದೆ. ಹೆಜ್ಜೆಗಳು ಎಷ್ಟಾದರೂ ಇರಲಿ, ಆದರೆ ಒಂದು ಕಡೆ ಮುಗಿಯಬೇಕು.

ಈ ನಿಯಮದೊಳಗೆ ಕೆಲವು ಕೋನಗಳು ಸಲೀಸಾಗಿ ಮೂರು ಪಾಲಾಗುತ್ತವೆ. 90 ಡಿಗ್ರಿಗೆ 30 ಬೇಕು, ಅದು 60ರ ಅರ್ಧ. 72 ಡಿಗ್ರಿಗೆ 24 ಬೇಕು. ನಿಯಮಿತ ಪಂಚಭುಜದಿಂದ 36 ಸಿಗುತ್ತದೆ, 60ರಲ್ಲಿ 36 ಕಳೆದರೆ 24. ಹಾಗಾಗಿ ‘ಯಾವ ಕೋನವನ್ನೂ ಆಗದು’ ಎನ್ನುವುದು ತಪ್ಪು. ‘ಯಾವ ಕೋನ ಕೊಟ್ಟರೂ ನಡೆಯುವ ಒಂದು ವಿಧಾನ ಇಲ್ಲ’ ಎನ್ನುವುದೇ ಸರಿಯಾದ ಮಾತು. ಅದನ್ನು ಸಾಧಿಸಲು ಸೋಲುವ ಕೋನ ಒಂದೇ ಒಂದು ಸಿಕ್ಕರೆ ಸಾಕು. ಆ ಕೋನ, ನಾವು ಅತ್ಯಂತ ಸುಲಭವಾಗಿ ರಚಿಸುವ 60 ಡಿಗ್ರಿಯೇ.

ಪಟ್ಟಿಗೆ ಎರಡು ಗುರುತು ಹಾಕಿದರೆ

ನಿಯಮವನ್ನು ಕೊಂಚ ಮುರಿದರೆ ಕೆಲಸ ಆಗಿಯೇಬಿಡುತ್ತದೆ. ಈ ಚಿತ್ರ ಆರ್ಕಿಮಿಡೀಸನ ಹೆಸರಿನಲ್ಲಿ ಬಂದಿರುವುದು. ಇದನ್ನು ಬರೆದುಕೊಳ್ಳಿ, ಮುಂದೆ ಸೋಲಿನ ಕಾರಣವೂ ಇದರಿಂದಲೇ ಸಿಗುತ್ತದೆ. ಪೆನ್ಸಿಲ್ ಚೂಪು ಮಾಡಿ, ಕೈವಾರದ ತಿರುಪು ಬಿಗಿ ಮಾಡಿಕೊಳ್ಳಿ. ತಿರುಪು ಸಡಿಲವಿದ್ದರೆ ವೃತ್ತ ಸುತ್ತಿ ಬರುವಷ್ಟರಲ್ಲಿ ತ್ರಿಜ್ಯ ಜಾರಿರುತ್ತದೆ.

ಹಾಳೆಯಲ್ಲಿ ಉದ್ದಕ್ಕೆ ಒಂದು ಅಡ್ಡಗೆರೆ ಎಳೆಯಿರಿ. ಅದರ ಮೇಲೆ O ಗುರುತಿಸಿ 5 ಸೆಂ.ಮೀ. ತ್ರಿಜ್ಯದ ವೃತ್ತ ಬರೆಯಿರಿ. ವೃತ್ತ ಗೆರೆಯನ್ನು ಬಲಕ್ಕೆ A, ಎಡಕ್ಕೆ C ಎಂಬಲ್ಲಿ ಕತ್ತರಿಸಲಿ. ವೃತ್ತದ ಮೇಲ್ಭಾಗದಲ್ಲಿ AOB ಕೋನ 60 ಡಿಗ್ರಿ ಆಗುವಂತೆ B ಗುರುತಿಸಿ. ಈಗ ಒಂದು ಕಾಗದದ ಪಟ್ಟಿಯ ಅಂಚಿನಲ್ಲಿ 5 ಸೆಂ.ಮೀ. ಅಂತರದಲ್ಲಿ P, Q ಎಂಬ ಎರಡು ಗುರುತು ಹಾಕಿ. ಪಟ್ಟಿಯ ಅಂಚು B ಬಿಂದುವನ್ನು ಬಿಡದಂತೆ ಹಿಡಿದುಕೊಂಡು, P ಎಡಗಡೆಯ ಗೆರೆಯ ಮೇಲೆ, Q ವೃತ್ತದ ಮೇಲೆ ಬರುವ ತನಕ ಸರಿಸುತ್ತಾ ಹೋಗಿ. ಎರಡೂ ಕೂತ ಕ್ಷಣದಲ್ಲಿ ಗೆರೆ ಎಳೆಯಿರಿ. P ಬಳಿಯ ಕೋನ 20 ಡಿಗ್ರಿ. ಸರಿ ಬಂದಿದೆಯೇ ನೋಡಲು OPಯನ್ನು ಅಳೆಯಿರಿ, ಸುಮಾರು 9.4 ಸೆಂ.ಮೀ. ಇರಬೇಕು.

ಕಾರಣ ಸರಳ. PQ, QO, OB ಮೂರೂ ಒಂದೇ ಉದ್ದ. P ಬಳಿಯ ಕೋನ θ ಎಂದಿಟ್ಟುಕೊಳ್ಳಿ. PQO ಸಮದ್ವಿಬಾಹು ತ್ರಿಭುಜವಾದ್ದರಿಂದ QOP ಕೂಡ θ. ಹೊರಕೋನ OQB ಆಗ 2θ, ಆದ್ದರಿಂದ OBQ ಕೂಡ 2θ. POB ತ್ರಿಭುಜದ ಹೊರಕೋನ AOB ಎಂದರೆ θ + 2θ = 3θ.

ನಿಯಮ ಮುರಿದದ್ದು ‘ಸರಿಸುತ್ತಾ ಹೋಗಿ’ ಎಂಬಲ್ಲಿ. P, Q ಎಲ್ಲಿ ಕೂರಬೇಕೆಂದು ಯಾವ ಗೆರೆಯೂ ವೃತ್ತವೂ ಹೇಳಲಿಲ್ಲ, ಕಣ್ಣಂದಾಜಿನಲ್ಲಿ ಹೊಂದಿಸಿದೆವು.

ಅದೇ ಚಿತ್ರದಿಂದ ಒಂದು ಸಮೀಕರಣ

ಈಗ ತ್ರಿಜ್ಯವನ್ನೇ 1 ಎಂದು ಕರೆದು, OPಯನ್ನು x ಎನ್ನೋಣ. ನಿಯಮದೊಳಗೆ 20 ಡಿಗ್ರಿ ರಚಿಸಲು ಸಾಧ್ಯವಾದರೆ x ಕೂಡ ರಚಿಸಬಹುದು: ಎರಡು ಬಾಹು 1, ಪಾದಕೋನಗಳು 20 ಡಿಗ್ರಿ ಇರುವ ಸಮದ್ವಿಬಾಹು ತ್ರಿಭುಜದ ಪಾದವೇ x. ಹಾಗಾಗಿ ಪ್ರಶ್ನೆ ಕೋನದ್ದಲ್ಲ, ಒಂದು ಉದ್ದದ್ದು.

Q, B ಎರಡರಿಂದಲೂ ಅಡ್ಡಗೆರೆಗೆ ಲಂಬ ಇಳಿಸಿ. Qಯ ಲಂಬ OPಯ ನಟ್ಟನಡುವೆ ಬೀಳುತ್ತದೆ, ಅಂದರೆ Pಯಿಂದ x/2 ದೂರದಲ್ಲಿ. Bಯ ಲಂಬ Oದಿಂದ ಬಲಕ್ಕೆ 1/2 ದೂರದಲ್ಲಿ ಬೀಳುತ್ತದೆ, AOB ಸಮಬಾಹು ತ್ರಿಭುಜವಲ್ಲವೇ? ಅದು Pಯಿಂದ x + 1/2. ಎರಡು ಲಂಬಕೋನ ತ್ರಿಭುಜಗಳೂ ಸಮರೂಪ, PQ ಅಂತೂ 1. ಆದ್ದರಿಂದ

PB = (x + 1/2) ÷ (x/2) = (2x + 1)/x

PBಯನ್ನು ಇನ್ನೊಂದು ದಾರಿಯಿಂದಲೂ ಕಂಡುಹಿಡಿಯಬಹುದು. PQA, PCB ತ್ರಿಭುಜಗಳನ್ನು ನೋಡಿ. P ಕೋನ ಎರಡಕ್ಕೂ ಸೇರಿದ್ದು, A ಮತ್ತು B ಬಳಿಯ ಕೋನಗಳು CQ ಎಂಬ ಒಂದೇ ಕಂಸದ ಮೇಲೆ ನಿಂತಿರುವುದರಿಂದ ಸಮ. ತ್ರಿಭುಜಗಳು ಸಮರೂಪವಾದವು, PQ × PB = PC × PA ಆಯಿತು. PC ಎಂದರೆ x − 1, PA ಎಂದರೆ x + 1. ಹಾಗಾಗಿ PB = x² − 1. ಎರಡು ಬೆಲೆಗಳನ್ನು ಸಮ ಮಾಡಿ ಗುಣಿಸಿ ಬಿಡಿಸಿದರೆ:

x³ − 3x − 1 = 0

ಇಡೀ ತೊಡಕು ಈ ಒಂದು ಸಾಲಿನಲ್ಲಿದೆ.

ಕೈವಾರದ ಕೈಗೆ ಎಟಕುವ ಸಂಖ್ಯೆಗಳು

1 ಉದ್ದದಿಂದ ಹೊರಟು ಕೂಡಿಸಬಹುದು, ಕಳೆಯಬಹುದು. ಸಮರೂಪ ತ್ರಿಭುಜಗಳಿಂದ ಗುಣಿಸಬಹುದು, ಭಾಗಿಸಬಹುದು. ಹೀಗೆ ಎಲ್ಲ ಭಾಗಲಬ್ಧ ಸಂಖ್ಯೆಗಳೂ ಸಿಗುತ್ತವೆ. ಗೆರೆಯನ್ನು ಗೆರೆ ಕತ್ತರಿಸಿದರೆ ಬೇರೇನೂ ಹೊಸದು ಬರುವುದಿಲ್ಲ, ಅದು ಸರಳ ಸಮೀಕರಣ. ಗೆರೆ ವೃತ್ತವನ್ನು ಕತ್ತರಿಸಿದರೆ ವರ್ಗ ಸಮೀಕರಣ, ಒಂದು ವರ್ಗಮೂಲ ಬರುತ್ತದೆ. ಎರಡು ವೃತ್ತಗಳು ಕತ್ತರಿಸಿದರೆ? ಒಂದರ ಸಮೀಕರಣದಿಂದ ಇನ್ನೊಂದನ್ನು ಕಳೆಯಿರಿ, ವರ್ಗಪದಗಳು ಹೊಡೆದುಹೋಗಿ ಒಂದು ಗೆರೆ ಉಳಿಯುತ್ತದೆ. ಮತ್ತೆ ಗೆರೆ ಮತ್ತು ವೃತ್ತವೇ. ಒಂದು ಹೆಜ್ಜೆಗೆ ಹೆಚ್ಚೆಂದರೆ ಒಂದು ಬಗೆಯ ವರ್ಗಮೂಲ, ಅದರಾಚೆ ಕೈವಾರಕ್ಕೆ ಏನೂ ಬಾರದು. 60 ಡಿಗ್ರಿ ಕೋನವೂ 1 ಉದ್ದದಿಂದಲೇ ರಚಿಸಬಹುದಾದ್ದರಿಂದ ಅದನ್ನು ಕೊಟ್ಟಮಾತ್ರಕ್ಕೆ ಹೊಸ ಸಂಖ್ಯೆ ಬರುವುದಿಲ್ಲ.

ಸಿಪ್ಪೆ ಸುಲಿಯುವ ವಾದ

ಮೊದಲು, ನಮ್ಮ ಸಮೀಕರಣಕ್ಕೆ ಭಾಗಲಬ್ಧ ಮೂಲ ಇದೆಯೇ ನೋಡೋಣ. ಅತ್ಯಂತ ಸಂಕ್ಷಿಪ್ತ ರೂಪದ p/q ಒಂದು ಮೂಲ ಎಂದುಕೊಂಡು ಹಾಕಿದರೆ p³ = q²(3p + q) ಬರುತ್ತದೆ. q, p³ನ್ನು ಭಾಗಿಸಬೇಕು. p, qಗಳಿಗೆ ಸಾಮಾನ್ಯ ಅಪವರ್ತನ ಇಲ್ಲವಾದ್ದರಿಂದ q ಎಂದರೆ 1 ಅಥವಾ −1. ಅದನ್ನೇ q³ = p(p² − 3q²) ಎಂದು ಬರೆದರೆ pಗೂ ಅದೇ ಗತಿ. ಉಳಿದದ್ದು x = 1, x = −1 ಮಾತ್ರ. ಹಾಕಿ ನೋಡಿದರೆ −3, +1 ಬರುತ್ತದೆ, ಸೊನ್ನೆ ಬರುವುದಿಲ್ಲ. ಭಾಗಲಬ್ಧ ಮೂಲ ಇಲ್ಲ.

ಈಗ ವರ್ಗಮೂಲಗಳನ್ನು ಒಂದರ ಮೇಲೊಂದು ಹೇರಿಕೊಂಡು ಯಾವುದೋ ಮೂಲ ಸಿಕ್ಕಿದೆ ಎಂದುಕೊಳ್ಳಿ. ಕೊನೆಯ ಹೆಜ್ಜೆಯಲ್ಲಿ ಬಂದ ವರ್ಗಮೂಲವನ್ನು √k ಎಂದರೆ ಮೂಲ a + b√k ರೂಪದಲ್ಲಿರುತ್ತದೆ. a, b, k ಮೂರೂ ಹಿಂದಿನ ಹೆಜ್ಜೆಗಳಲ್ಲೇ ಸಿಕ್ಕವು, √k ಅಲ್ಲಿ ಇರಲಿಲ್ಲ, b ಸೊನ್ನೆಯಲ್ಲ. ಇದನ್ನು x³ − 3x − 1ಕ್ಕೆ ಹಾಕಿ ಬಿಡಿಸಿದರೆ M + N√k ಬರುತ್ತದೆ. ಅದು ಸೊನ್ನೆಯಾಗಲು M, N ಎರಡೂ ಸೊನ್ನೆಯಾಗಲೇಬೇಕು. ಇಲ್ಲದಿದ್ದರೆ √k = −M/N ಎಂದು ಅದು ಹಿಂದೆಯೇ ಸಿಕ್ಕಿರುತ್ತಿತ್ತು. ಹಾಗಾದರೆ M − N√k ಕೂಡ ಸೊನ್ನೆ, ಅಂದರೆ a − b√k ಕೂಡ ಒಂದು ಮೂಲ.

ಹತ್ತನೇ ತರಗತಿಯ ಬಹುಪದೋಕ್ತಿ ಪಾಠ ಇಲ್ಲಿ ಕೈಹಿಡಿಯುತ್ತದೆ. x² ಪದ ಇಲ್ಲದ ಘನ ಸಮೀಕರಣದ ಮೂರು ಮೂಲಗಳ ಮೊತ್ತ ಸೊನ್ನೆ. ಎರಡು ಮೂಲಗಳ ಮೊತ್ತ 2a ಆಯಿತು, ಮೂರನೆಯದು −2a. ಅದರಲ್ಲಿ √k ಇಲ್ಲವೇ ಇಲ್ಲ! ಕೊನೆಯ ಹೆಜ್ಜೆ ಇಲ್ಲದೆಯೇ ಒಂದು ಮೂಲ ಸಿಕ್ಕಿತು. ಇದೇ ವಾದವನ್ನು −2a ಮೇಲೆ ಮತ್ತೆ ಹೂಡಿ, ಇನ್ನೊಂದು ವರ್ಗಮೂಲ ಕಳಚುತ್ತದೆ. ಈರುಳ್ಳಿಯ ಸಿಪ್ಪೆಯಂತೆ ಒಂದೊಂದೇ ಸುಲಿಯುತ್ತಾ ಹೋದರೆ ಕೊನೆಗೆ ಭಾಗಲಬ್ಧ ಮೂಲವೊಂದು ಉಳಿಯಬೇಕು. ಅಂಥದ್ದು ಇಲ್ಲವೆಂದು ಈಗತಾನೇ ನೋಡಿದೆವು. ಆದ್ದರಿಂದ x ರಚಿಸಲಾಗದು, 20 ಡಿಗ್ರಿಯೂ ಆಗದು.

ಇದನ್ನು ಮೊದಲು ಸಾಧಿಸಿ 1837ರಲ್ಲಿ ಪ್ರಕಟಿಸಿದವನು ಫ್ರಾನ್ಸಿನ ಪಿಯೆರ್ ವಾಂಟ್ಸೆಲ್. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ, ಕೋನ ತ್ರಿಭಾಗಿಸುವ ವಿಧಾನಗಳನ್ನು ಇನ್ನು ಪರಿಶೀಲಿಸುವುದಿಲ್ಲ ಎಂದು ತೀರ್ಮಾನಿಸಿತ್ತು. ಆದರೆ ಆಗದು ಎಂಬುದಕ್ಕೆ ಪುರಾವೆ ಬರಲು ಇನ್ನೂ 62 ವರ್ಷ ಬೇಕಾಯಿತು.

ಹತ್ತಿರ ಹೋಗಲು ಅಡ್ಡಿಯಿಲ್ಲ

ಅರ್ಧ ಮಾಡುವುದು ಗೊತ್ತಿದ್ದರೆ 20ರ ಬಳಿಗೆ ಬೇಕಾದಷ್ಟು ಹೋಗಬಹುದು. 60ನ್ನು ಎರಡು ಸಲ ಅರ್ಧ ಮಾಡಿದರೆ 15. ಅದನ್ನು ಮತ್ತೆರಡು ಸಲ ಅರ್ಧಿಸಿ 3.75 ಪಡೆದು ಕೂಡಿಸಿದರೆ 18.75. ಹೀಗೇ ಮುಂದುವರಿಸಿ 0.9375, ಆಮೇಲೆ 0.234 ಕೂಡಿಸಿದರೆ 19.92 ಡಿಗ್ರಿ. 5 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ ಉಳಿದ ಕೊರತೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, ಪೆನ್ಸಿಲ್ ಗೆರೆಯ ದಪ್ಪದೊಳಗೇ ಮುಳುಗುತ್ತದೆ. ಬಡಗಿಗೆ ಮರ ಕೊಯ್ಯಲು ಇದು ಧಾರಾಳ ಸಾಕು. ರೇಖಾಗಣಿತದ ಗೆರೆಗೆ ದಪ್ಪವಿಲ್ಲ. ಅಲ್ಲಿ ಮುಂದಿನ ಸುತ್ತಿಗೆ 19.98, ಅದರ ಮುಂದಿನದಕ್ಕೆ 19.995 ಬರುತ್ತದೆ, ಯಾವ ಸುತ್ತಿನಲ್ಲೂ 20 ಬರುವುದಿಲ್ಲ.