ತಿ ಹಾಕೋದಾ, ವಿ ಹಾಕೋದಾ: ರಷ್ಯನ್ ಮೇಲ್‌ಗಳಿಗೆ ನಾನು ಇಟ್ಟ ಪಟ್ಟಿ (ನನ್ನ ಅನುಭವ)

ಇಂಗ್ಲಿಷ್ ಮೇಲ್‌ಗಳನ್ನ ರಷ್ಯನ್‌ಗೆ ಅನುವಾದ ಮಾಡೋದು ನನ್ನ ಕೆಲಸ. ನಮ್ಮ ‘ನೀನು’ಗೆ ಅಲ್ಲಿ ‘ತಿ’, ‘ನೀವು’ಗೆ ‘ವಿ’. ಇಂಗ್ಲಿಷ್‌ನಲ್ಲಿ ‘ಹಾಯ್ ಸೆರ್ಗೇಯ್’ ಅಂತ ಇದ್ದರೆ ರಷ್ಯನ್‌ನಲ್ಲಿ ‘ತಿ’, ‘ಡಿಯರ್ ಸರ್’ ಅಂತ ಇದ್ದರೆ ‘ವಿ’. ನನಗೆ ಕೆಲಸ ಕೊಡುತ್ತಿದ್ದ ಏಜೆನ್ಸಿಯ ಸೂತ್ರ ಇಷ್ಟೇ. ಮೇಲ್ ನೋಡಿ ಇದನ್ನ ತೀರ್ಮಾನ ಮಾಡೋಕಾಗಲ್ಲ, ಬರೆಯೋರು ಯಾರು, ಓದೋರು ಯಾರು ಅಂತ ಜೋಡಿ ನೋಡಿಯೇ ಮಾಡಬೇಕು ಅಂತ ನಾನು ಹೇಳುತ್ತಲೇ ಬಂದೆ. ಪದಕ್ಕೆ ಎರಡೂವರೆ ರೂಪಾಯಿ ಸಿಗೋ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಅಂದರು. ಈಗ ಹಾಗೆ ಜೋಡಿ ನೋಡಿ ನಾನು ಇಟ್ಟ ಪಟ್ಟಿಯ ಬಲದ ಮೇಲೆ ಒಬ್ಬ ಕಾಫಿ ರಫ್ತುದಾರರು ನನ್ನ ಜೊತೆ ನೇರವಾಗಿ ತಿಂಗಳ ಲೆಕ್ಕದಲ್ಲಿ ಕೆಲಸ ಮಾಡಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಟ್ಟಿದ್ದು ಹೇಗೆ ಅಂತ ಹೇಳುತ್ತೇನೆ. ಆ ರಫ್ತುದಾರರ ಹಿಂದಿನ ಮಾರಾಟ ಮುಖ್ಯಸ್ಥರಿಗೆ ಮೇಲ್ ‘ಫ್ರೆಂಡ್ಲಿ’ ಆಗಿರಬೇಕಿತ್ತು. ಮಾಸ್ಕೋದ ಖರೀದಿದಾರರೊಬ್ಬರಿಗೆ ‘ತಿ’ ಹಾಕಿಯೇ ಕಳಿಸಿ ಅಂತ ಹಠ ಹಿಡಿದರು, ಏಜೆನ್ಸಿ ಕಳಿಸಿತು. ಓದುವವರಿಗೆ ಐವತ್ತು ದಾಟಿತ್ತು, ಮುಖಾಮುಖಿ ಭೇಟಿ ಒಮ್ಮೆಯೂ ಆಗಿರಲಿಲ್ಲ. ಉತ್ತರದಲ್ಲಿ ಬೈಗುಳ ಇರಲಿಲ್ಲ, ದೂರೂ ಇರಲಿಲ್ಲ. ಆದರೆ ಅಲ್ಲಿಯವರೆಗೆ ‘ದೋಬ್ರಿ ದೆನ್’, ಅಂದರೆ ‘ಶುಭ ದಿನ’, ಅಂತ ಶುರು ಮಾಡುತ್ತಿದ್ದವರು ‘ಉವಜಾಯೆಮಿ ಗಸ್ಪದೀನ್’, ಅಂದರೆ ‘ಮಾನ್ಯ ಶ್ರೀ’, ಅಂತ ಶುರು ಮಾಡಿದರು. ಪೆಟ್ಟು ಬಿದ್ದಿದೆ ಅಂತ ಗೊತ್ತಾಗೋದು ಇಲ್ಲೇ. ರಷ್ಯನ್ನರು ಸಂಬೋಧನೆಯನ್ನ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿದರೆ ನೀವು ಒಂದು ಮೆಟ್ಟಿಲು ಹೆಚ್ಚು ಹತ್ತಿರ ಹೋಗಿದ್ದೀರಿ ಅಂತ ಅರ್ಥ. ಆ ಸ್ಯಾಂಪಲ್ ಆರ್ಡರ್ ‘ಮುಂದಿನ ತ್ರೈಮಾಸಿಕಕ್ಕೆ ನೋಡೋಣ’ ಅಂತ ನಿಂತುಹೋಯಿತು. ಕಾರಣ ‘ತಿ’ ಒಂದೇ ಅಂತ ನಾನು ಹೇಳಲ್ಲ. ರಫ್ತು ಕಂಪನಿಯ ಮಾಲೀಕರಿಗೆ ಮಾತ್ರ ಒಂದೇ ಮಾತಿನಲ್ಲಿ ಅರ್ಥವಾಯಿತು: ಪರಿಚಯವಿಲ್ಲದ ಹಿರಿಯರಿಗೆ ‘ದುಡ್ಡು ಯಾವಾಗ ಕೊಡ್ತೀಯ’ ಅಂತ ಕನ್ನಡದಲ್ಲಿ ಪತ್ರ ಹಾಕ್ತೀರಾ ಸಾರ್?

ಆದರೆ ನಮ್ಮ ನೀನು-ನೀವು ಹಾಗೇ ಅಲ್ಲಿಗೆ ಹೊಂದಲ್ಲ. ಇಲ್ಲಿ ಮ್ಯಾನೇಜರ್ ಹುಡುಗನಿಗೆ ‘ನೀನು’ ಅಂದು, ಅವನು ‘ನೀವು ಸಾರ್’ ಅಂದರೆ ಯಾರಿಗೂ ಏನೂ ಅನ್ನಿಸಲ್ಲ. ಅಲ್ಲಿನ ಆಫೀಸಿನಲ್ಲಿ ಮೇಲಿನವರು ಒಂದೇ ಕಡೆಯಿಂದ ‘ತಿ’ ಅಂದರೆ ಅದು ಒರಟುತನ. ಎರಡೂ ಕಡೆ ‘ವಿ’, ಇಲ್ಲವೇ ಮಾತಾಡಿಕೊಂಡು ಎರಡೂ ಕಡೆ ‘ತಿ’. ಬದಲಾವಣೆಗೆ ‘ದವಾಯ್ತೆ ನಾ ತಿ’, ಅಂದರೆ ‘ಇನ್ನು ತಿ ಅಂತಲೇ ಮಾತಾಡೋಣ’, ಅಂತ ಒಬ್ಬರು ಬಾಯಿಬಿಟ್ಟು ಕೇಳುತ್ತಾರೆ, ಸಾಮಾನ್ಯವಾಗಿ ವಯಸ್ಸಿನಲ್ಲೋ ಸ್ಥಾನದಲ್ಲೋ ದೊಡ್ಡವರು. ಮಾರುವವರು ನಾವು, ಆದ್ದರಿಂದ ನಾವಾಗಿ ಕೇಳೋದಿಲ್ಲ. ಇನ್ನು ಹೆಸರು ಹಿಡಿದು ಕರೆದ ಮಾತ್ರಕ್ಕೆ ‘ತಿ’ ಆಗಲ್ಲ. ಬರೀ ಹೆಸರು ಮತ್ತು ‘ವಿ’, ಇದೇ ಈಗ ಅಲ್ಲಿನ ವ್ಯಾಪಾರದ ಮೇಲ್‌ಗಳ ನಡುದಾರಿ. ಇಂಗ್ಲಿಷ್‌ನ ‘ಹಾಯ್’ ಬಹುತೇಕ ಇಲ್ಲಿಗೇ ಬಂದು ಕೂರುತ್ತೆ.

ನನ್ನ ಪಟ್ಟಿಯಲ್ಲಿ ಒಬ್ಬ ವ್ಯಕ್ತಿಗೆ ಒಂದು ಸಾಲು. ಸಹಿಯಲ್ಲಿ ಅವರು ಬರೀ ಹೆಸರು ಹಾಕುತ್ತಾರಾ, ತಂದೆಯ ಹೆಸರಿಂದ ಬಂದ ಪಿತೃನಾಮವನ್ನೂ ಸೇರಿಸುತ್ತಾರಾ, ನಮಗೆ ಬರೆಯುವಾಗ ‘ವಿ’ಯನ್ನ ದೊಡ್ಡಕ್ಷರದಲ್ಲಿ ಬರೆಯುತ್ತಾರಾ, ಚಿಕ್ಕದರಲ್ಲಾ, ‘ತಿ’ಗೆ ಒಪ್ಪಿಗೆ ಆಗಿದೆಯಾ, ಯಾರು ಕೇಳಿದರು, ಯಾವ ತಿಂಗಳು. ಆಮೇಲೆ ಅವರು ಹೇಗೋ ನಾವೂ ಹಾಗೇ. ಸಹಿಯಲ್ಲಿ ‘ಸೆರ್ಗೇಯ್ ಇವಾನೊವಿಚ್’ ಅಂತಿದ್ದರೆ ನಮ್ಮದೂ ‘ಉವಜಾಯೆಮಿ ಸೆರ್ಗೇಯ್ ಇವಾನೊವಿಚ್’. ದೊಡ್ಡಕ್ಷರದ ‘ವಿ’ ಒಬ್ಬರಿಗೇ ಬರೆಯುವಾಗಿನ ಗೌರವ. ಖರೀದಿ, ಲೆಕ್ಕಪತ್ರ, ಸಾಗಣೆ ಮೂವರಿಗೂ ಒಟ್ಟಿಗೆ ಹೋಗುವ ಮೇಲ್‌ನಲ್ಲಿ ಅದು ತಪ್ಪು. ಅಲ್ಲಿ ‘ಕೊಲೇಗಿ’, ಅಂದರೆ ‘ಸಹೋದ್ಯೋಗಿಗಳೇ’, ಅಂತ ಶುರು, ಚಿಕ್ಕಕ್ಷರದ ‘ವಿ’. ಏಜೆನ್ಸಿ ಎಲ್ಲ ಕಡೆ ದೊಡ್ಡಕ್ಷರ ಒತ್ತುತ್ತಿತ್ತು. ತಾವೇ ಚಿಕ್ಕಕ್ಷರದಲ್ಲಿ ಬರೆಯುವ ಕಿರಿಯ ವ್ಯಾಪಾರಿಗಳಿಗೆ ಅದು ಸರ್ಕಾರಿ ನೋಟಿಸ್ ಥರ ಕಾಣುತ್ತೆ. ಪಿತೃನಾಮ ಗೊತ್ತಿಲ್ಲದಾಗ ಕೇಳದೆಯೇ ತಿಳಿದುಕೊಳ್ಳೋಕೆ ನನ್ನ ಹತ್ತಿರ ಒಂದು ದಾರಿ ಇದೆ. ಅದು ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬಿಡಿಸಲ್ಲ.

ಇನ್ನು ಹಣ ಕೇಳೋ ಮೇಲ್. ಇಂಗ್ಲಿಷ್‌ನಲ್ಲಿ ಇದ್ದಿದ್ದು: ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ, ಸಣ್ಣ ನೆನಪೋಲೆ ಅಷ್ಟೇ, ಇನ್‌ವಾಯ್ಸ್ ಇನ್ನೂ ಬಾಕಿ, ಯಾವಾಗ ಪಾವತಿಸುತ್ತೀರಿ ತಿಳಿಸಿ. ಆ ಕುಶಲ ವಿಚಾರಣೆಯನ್ನ ಪದಕ್ಕೆ ಪದ ಇಳಿಸಿದರೆ ರಷ್ಯನ್‌ನಲ್ಲಿ ಕೃತಕವಾಗುತ್ತೆ, ನಾನು ಬಿಟ್ಟುಬಿಡುತ್ತೇನೆ. ಇಂಗ್ಲಿಷ್‌ನ ಮೃದುತನವನ್ನ ‘ತಿ’ಯಿಂದ ತರೋಕೆ ಹೋಗದೆ ಕ್ರಿಯಾಪದದಲ್ಲಿ ಇಡುತ್ತೇನೆ: ‘ಪೊದ್ಸ್ಕಜೀತೆ, ಪಜಾಲುಸ್ತ, ಕಗ್ದಾ ಪ್ಲಾನೀರುಯೆತೆ ಅಪ್ಲಾತು’, ಅಂದರೆ ‘ಪಾವತಿ ಯಾವಾಗ ಅಂದುಕೊಂಡಿದ್ದೀರಿ, ಸ್ವಲ್ಪ ಹೇಳ್ತೀರಾ’. ‘ವಿ’ ಅನ್ನೋ ಪದವೇ ಬಂದಿಲ್ಲ, ಕ್ರಿಯಾಪದದ ಕೊನೆಯಲ್ಲಿ ಗೌರವ ಇದೆ.

ಈ ಮೇಲ್ ಯಾರಿಗೆ ಹೋಯಿತೋ ಆ ಖರೀದಿದಾರರು ಮಾಸ್ಕೋದ ಪ್ರೋದೆಕ್ಸ್‌ಪೋ ಆಹಾರ ಮೇಳದಲ್ಲಿ ಮಾಲೀಕರನ್ನ ಭೇಟಿ ಮಾಡಿದ ಮೇಲೆ ತಾವಾಗಿಯೇ ‘ತಿ’ಗೆ ಕರೆದರು. ಪಟ್ಟಿಯಲ್ಲಿ ಗುರುತು ಹಾಕಿದೆ, ಸಂಬೋಧನೆ ‘ಹಾಯ್’ ಅನ್ನೋ ಅರ್ಥದ ‘ಪ್ರಿವೆತ್’ಗೆ ಇಳಿಯಿತು. ಕೆಲವು ತಿಂಗಳ ನಂತರ ಮತ್ತೆ ಹಣ ತಡವಾಯಿತು. ಹತ್ತು ಹನ್ನೆರಡು ಲಕ್ಷ ಇದ್ದಿರಬೇಕು. ಮಾಲೀಕರಿಗೆ ಸಿಟ್ಟು, ಖಡಕ್ಕಾಗಿ ‘ವಿ’ ಹಾಕಿ ಬರಿ ಅಂದರು. ನಾನು ತಡೆದೆ. ‘ತಿ’ ಆದವರಿಗೆ ಖಾಸಗಿ ಮೇಲ್‌ನಲ್ಲಿ ‘ವಿ’ ಹಾಕಿದರೆ ಅದು ಸಂಬಂಧ ಮುರಿದುಕೊಂಡ ಹಾಗೆ. ಎರಡು ಪತ್ರ ಮಾಡಿದೆ. ಕಂಪನಿಯಿಂದ ಕಂಪನಿಗೆ ಹೋಗೋದು ಲೆಟರ್‌ಹೆಡ್‌ನಲ್ಲಿ, ಪಿತೃನಾಮ, ದೊಡ್ಡಕ್ಷರದ ‘ವಿ’, ಕರಾರಿನ ಸಂಖ್ಯೆ ಸಮೇತ, ಅವರ ನಿರ್ದೇಶಕರಿಗೂ ಪ್ರತಿ. ನಾಲ್ಕು ಜನ ನೋಡೋ ಕಾಗದದಲ್ಲಿ ಗೆಳೆಯರೂ ‘ವಿ’ಗೆ ಹೋಗೋದು ಅಲ್ಲಿ ಮಾಮೂಲು, ಯಾರಿಗೂ ಬೇಜಾರಿಲ್ಲ. ಅದರ ಹಿಂದೆಯೇ ‘ತಿ’ಯಲ್ಲಿ ಎರಡು ಸಾಲಿನ ಖಾಸಗಿ ಮೇಲ್: ಲೆಕ್ಕಪತ್ರದವರು ಕಾಗದ ಕಳಿಸಿದ್ದಾರೆ, ಏನಾದರೂ ತೊಂದರೆಯಾಗಿದ್ದರೆ ನನಗೆ ಹೇಳು. ಉತ್ತರ ಖಾಸಗಿ ಮೇಲ್‌ಗೇ ಬಂತು, ‘ತಿ’ಯಲ್ಲೇ, ಬ್ಯಾಂಕಿನ ತೊಂದರೆ ಏನು ಅನ್ನೋದರ ಸಮೇತ. ಹಣವೂ ಬಂತು. ಅವತ್ತಿಂದ ಪಟ್ಟಿಯ ಬಗ್ಗೆ ಯಾರೂ ತಕರಾರು ಎತ್ತಿಲ್ಲ.

ನಡುವೆ ಒಂದು ಪ್ರಯೋಗವನ್ನೂ ಮಾಡಿದ್ದೆ: ತಿ-ವಿ ಎರಡೂ ಬಾರದ ಹಾಗೆ ಇಡೀ ಮೇಲ್ ಬರೆಯೋದು, ‘ಪಾವತಿ ಯಾವಾಗ ನಿಗದಿಯಾಗಿದೆ’ ಅನ್ನೋ ಥರ. ಎರಡು ವಾಕ್ಯ ಚೆನ್ನಾಗಿ ಬರುತ್ತೆ. ಮೂರನೆಯದಕ್ಕೆ ಓದೋರಿಗೆ ತಪ್ಪಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತೆ. ಕೈಬಿಟ್ಟೆ.

ಹಳೆಯ ಅನುವಾದಗಳನ್ನ ಕೂಡಿಟ್ಟ ಕಂಪ್ಯೂಟರ್ ಸಂಗ್ರಹದಿಂದ ವಾಕ್ಯ ಎತ್ತಿಕೊಂಡಾಗ ‘ವಿ’ ಮೇಲ್ ಒಳಗೆ ‘ತಿ’ ನುಸುಳುತ್ತೆ. ಕಳಿಸುವ ಮುಂಚೆ ಈ ಎರಡು ಹುಡುಕಾಟ ಓಡಿಸುತ್ತೇನೆ:

```
(?i)\b(ты|теб[яе]|тобо[йю]|тво[йяёюеи][а-яё]*)\b
[аеёи]шь(ся)?\b
```

ಮೊದಲನೆಯದು ‘ತಿ’ ಪದದ ರೂಪಗಳಿಗೆ, ಎರಡನೆಯದು ‘ತಿ’ ಜೊತೆ ಬರೋ ಕ್ರಿಯಾಪದದ ಕೊನೆಗೆ. ಎರಡನೆಯದು ‘ಕೇವಲ’ ಅನ್ನೋ ಅರ್ಥದ ‘ಲಿಶ್’ ಅನ್ನೂ ಹಿಡಿದು ತರುತ್ತೆ, ಅದನ್ನ ದಾಟಿ. ಆದರೆ ಆಜ್ಞಾರ್ಥ ಇದರ ಬಲೆಗೆ ಬೀಳಲ್ಲ. ‘ಕಳಿಸು’ ಅನ್ನೋ ‘ಪ್ರಿಶ್ಲಿ’ಗೆ ‘ಅವರು ಬಂದರು’ ಅನ್ನೋ ಕ್ರಿಯಾಪದದ್ದೇ ಕಾಗುಣಿತ, ಕಣ್ಣಲ್ಲೇ ಹಿಡಿಯಬೇಕು. ಭೂತಕಾಲವೂ ಹಾಗೇ. ‘ವಿ’ ಜೊತೆ ಒಬ್ಬರೇ ಆದರೂ ಕ್ರಿಯಾಪದ ಬಹುವಚನ, ಲಿಂಗದ ಗೋಜಿಲ್ಲ. ‘ತಿ’ ಅಂದ ತಕ್ಷಣ ‘ನೀನು ಕಳಿಸಿದೆ’ ಅನ್ನೋಕೂ ಗಂಡೋ ಹೆಣ್ಣೋ ಗೊತ್ತಿರಬೇಕು, ಸಹಿಯಲ್ಲಿ ‘ಸಾಶಾ’ ಅಂತಷ್ಟೇ ಇದ್ದರೆ ಎರಡೂ ಇರಬಹುದು. ನಮ್ಮ ಕಡೆಯವರದ್ದೂ ಇದೇ ಕಥೆ, ‘ನಾನು ಕಳಿಸಿದೆ’ ಅಂತ ಬರೆಯೋಕೆ ಕಿರಣ್ ಗಂಡೋ ಹೆಣ್ಣೋ ಅಂತ ಮೊದಲು ಕೇಳಿಕೊಳ್ಳುತ್ತೇನೆ.

ಆ ಕಡೆಯವರು ಇಂಗ್ಲಿಷ್‌ನಲ್ಲೇ ಉತ್ತರಿಸುತ್ತಿದ್ದರೆ ಪಟ್ಟಿಗೆ ಆಧಾರ ಸಿಗಲ್ಲ. ಅಂಥವರಿಗೆ ಎಷ್ಟೇ ಹಳೆಯ ಪರಿಚಯವಿರಲಿ, ರಷ್ಯನ್‌ನಲ್ಲಿ ಅವರದ್ದೇ ಒಂದು ಸಾಲು ಬರುವವರೆಗೆ ಹೆಸರಿನ ಜೊತೆ ದೊಡ್ಡಕ್ಷರದ ‘ವಿ’ಯಲ್ಲೇ ಬರೆಯುತ್ತೇನೆ.