ಹೊಸ ಹುಡುಗಿಗೆ ಬರೆದ ನೇಮಕಾತಿ ಪತ್ರ

ಹುಬ್ಬಳ್ಳಿಯಲ್ಲಿ ಒಂದು ಸಗಟು ವ್ಯಾಪಾರದ ಆಫೀಸಿನಲ್ಲಿ ಲೆಕ್ಕಪತ್ರ ಮತ್ತು ಸಿಬ್ಬಂದಿ ವಿಷಯ ಎರಡೂ ನನ್ನ ಪಾಲಿಗೇ ಬಂದಿವೆ. ಎಲ್ಲ ಸೇರಿ ಹದಿನಾಲ್ಕು ಜನ. ಬಿಲ್ಲಿಂಗ್ ಮತ್ತು ಸ್ಟಾಕ್ ಎಂಟ್ರಿಗೆ ಬಿಕಾಂ ಮುಗಿಸಿದ ಒಬ್ಬ ಹುಡುಗಿಯನ್ನು ತೆಗೆದುಕೊಂಡೆವು. ಅದು ಅವಳ ಮೊದಲ ಕೆಲಸ. ಪತ್ರ ಬರೆಯುವುದೂ ನನ್ನ ಪಾಲಿಗೇ ಬಂತು.

ಫೈಲಿನಲ್ಲಿ ಹಳೇ ನಮೂನೆ ಒಂದಿತ್ತು. ಯಾವುದೋ ದೊಡ್ಡ ಕಂಪನಿಯ ಪತ್ರದ ನಕಲು, ಆರು ಪುಟ. "ಭಾರತದ ಯಾವುದೇ ಶಾಖೆಗೆ ವರ್ಗಾಯಿಸುವ ಹಕ್ಕು" ಅಂತ ಒಂದು ಕಲಮು. ನಮಗಿರುವುದು ಒಂದು ಆಫೀಸು, ಒಂದು ಗೋಡೌನು! ಅದನ್ನು ಬದಿಗಿಟ್ಟು ಖಾಲಿ ಹಾಳೆಯಿಂದ ಶುರು ಮಾಡಿದೆ. ಪತ್ರವನ್ನು ಅವಳ ಮನೆಯಲ್ಲಿ ಯಾರೇ ಓದಿದರೂ ನನಗೆ ಫೋನ್ ಮಾಡದೇ ಅರ್ಥವಾಗಬೇಕು. ನಾನು ಇಟ್ಟುಕೊಂಡ ಅಳತೆ ಅಷ್ಟೇ.

ಮೊದಲ ಭಾಗ ಸುಲಭ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ನೇಮಕಾತಿ ಪತ್ರ ಕೊಡಲೇಬೇಕು, ಅದಕ್ಕೆ ನಮೂನೆ ಕ್ಯೂ ಅಂತ ಇದೆ. ಸಂಸ್ಥೆಯ ಹೆಸರು, ವಿಳಾಸ, ನೌಕರರ ಹೆಸರು, ಹುದ್ದೆ, ಕೆಲಸಕ್ಕೆ ಸೇರಿದ ದಿನ, ಸಂಬಳ ಇವೆಲ್ಲ ಅದರಲ್ಲಿ ಬರುತ್ತವೆ. 2025ರ ನವೆಂಬರ್ 21ರಿಂದ ಕೇಂದ್ರದ ಕಾರ್ಮಿಕ ಸಂಹಿತೆಗಳೂ ಜಾರಿಗೆ ಬಂದಿರುವುದರಿಂದ "ಚಿಕ್ಕ ಸಂಸ್ಥೆ, ಬಾಯಿಮಾತಲ್ಲೇ ಆಯ್ತು" ಅನ್ನುವ ಹಾಗಿಲ್ಲ.

ನಾನು ಜಾಸ್ತಿ ಹೊತ್ತು ಕೂತಿದ್ದು ಸಂಬಳದ ಕಲಮಿನ ಮೇಲೆ. ಮೊದಲ ಕೆಲಸಕ್ಕೆ ಸೇರುವವರಿಗೆ ಬೇಸರ ಶುರುವಾಗುವುದೇ ಮೊದಲ ತಿಂಗಳ ಸಂಬಳ ಬ್ಯಾಂಕಿಗೆ ಬಂದ ದಿನ. ಹೇಳಿದ್ದು ಒಂದು, ಬಂದದ್ದು ಇನ್ನೊಂದು ಅನ್ನಿಸುತ್ತದೆ. ಮಾಲೀಕರ ಪಾಲಿನ ಖರ್ಚನ್ನೂ ಸೇರಿಸಿ ಒಂದೇ ದೊಡ್ಡ ಮೊತ್ತ ತೋರಿಸುವ ಸಿಟಿಸಿ ಪದ್ಧತಿಯಲ್ಲಿ ಇದು ಆಗೇ ಆಗುತ್ತದೆ. ಹಾಗಾಗಿ ನಾನು ಕೈಗೆ ಬರುವ ಮೊತ್ತವನ್ನೇ ಬರೆದೆ:

"ನಿಮ್ಮ ತಿಂಗಳ ಸಂಬಳ 20,000 ರೂಪಾಯಿ. ಇದರಲ್ಲಿ ಇಎಸ್‌ಐಗೆ ನಿಮ್ಮ ಪಾಲು 150 ರೂಪಾಯಿ ಕಡಿತವಾಗುತ್ತದೆ. ಉಳಿದ 19,850 ರೂಪಾಯಿಯನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತೇವೆ. ಇಎಸ್‌ಐಗೆ ನಮ್ಮ ಪಾಲು 650 ರೂಪಾಯಿಯನ್ನು ನಾವು ಬೇರೆಯಾಗಿ ಕಟ್ಟುತ್ತೇವೆ. ಅದು ನಿಮ್ಮ ಸಂಬಳದಿಂದ ಹೋಗುವುದಿಲ್ಲ."

ಲೆಕ್ಕ ಹೀಗೆ. ಇಎಸ್‌ಐ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ನಮ್ಮಂಥ ಕಡೆ, 21,000ದವರೆಗಿನ ಸಂಬಳಕ್ಕೆ ಅನ್ವಯ. ನೌಕರರ ಪಾಲು ನೂರಕ್ಕೆ 0.75, ನಮ್ಮದು 3.25. ಪಿಎಫ್ ಕಡ್ಡಾಯವಾಗುವುದು ಇಪ್ಪತ್ತು ಜನರಾದಾಗ, ನಾವಿನ್ನೂ ಅಲ್ಲಿಗೆ ಬಂದಿಲ್ಲ. ವೃತ್ತಿ ತೆರಿಗೆ ನಮ್ಮ ರಾಜ್ಯದಲ್ಲಿ 25,000ದಿಂದ ಶುರು, ಹಾಗಾಗಿ ಅದೂ ಇಲ್ಲ. ಮುಂದೆ ಪಿಎಫ್ ಬಂದರೆ ಕೈಗೆ ಬರುವ ಹಣ ಕಡಿಮೆಯಾಗುತ್ತದೆ ಅಲ್ವಾ? ಅದಕ್ಕೊಂದು ಸಾಲು ಸೇರಿಸಿದೆ: "ಕಾನೂನಿನ ಪ್ರಕಾರ ಹೊಸ ಕಡಿತ ಬಂದರೆ, ಕಡಿತ ಮಾಡುವ ಮೊದಲೇ ನಿಮಗೆ ಲಿಖಿತವಾಗಿ ತಿಳಿಸುತ್ತೇವೆ." ಸಂಬಳ ನಿಗದಿ ಮಾಡುವ ಮೊದಲು ಆ ಹುದ್ದೆಗೆ, ಆ ವಲಯಕ್ಕೆ ಸರ್ಕಾರ ಹೊರಡಿಸಿದ ಕನಿಷ್ಠ ವೇತನದ ಅಧಿಸೂಚನೆ ನೋಡಿಕೊಳ್ಳಬೇಕು. ಅದಕ್ಕಿಂತ ಕಡಿಮೆ ಬರೆದು ಸಹಿ ಹಾಕಿಸಿಕೊಂಡರೂ ಆ ಸಹಿಗೆ ಬೆಲೆಯಿಲ್ಲ.

ಹಳೇ ನಮೂನೆಯಲ್ಲಿ "ಸಂಸ್ಥೆಗೆ ಆದ ಯಾವುದೇ ನಷ್ಟವನ್ನು ಸಂಬಳದಿಂದ ವಸೂಲಿ ಮಾಡಲಾಗುವುದು" ಅಂತಿತ್ತು. ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವರಿಗೆ ಇದು ದಿನಾ ಕಾಡುವ ಮಾತು. ಸಂಜೆ ಕ್ಯಾಶ್ ತಾಳೆಯಾಗದಿದ್ದರೆ ತಪ್ಪು ಯಾರದೇ ಇರಲಿ, ಹೊಸಬರ ಮೇಲೆ ಬರುತ್ತದೆ. ಕಾನೂನು ಅಷ್ಟು ಸಡಿಲ ಇಲ್ಲ. ನಷ್ಟ ನೇರವಾಗಿ ಅವರ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಹೇಳಿಕೊಳ್ಳಲು ಅವಕಾಶ ಕೊಟ್ಟಿರಬೇಕು. ನಾನು ಅದನ್ನೇ ಎರಡು ಸಾಲಿನಲ್ಲಿ ಬರೆದೆ.

ಇನ್ನೊಂದು ಸೂಕ್ಷ್ಮ ಜಾಗ ಪ್ರೊಬೇಷನ್ನು. ಆರು ತಿಂಗಳು, ಬೇಕಾದರೆ ಮೂರು ತಿಂಗಳು ವಿಸ್ತರಣೆ ಅಂತ ನಮ್ಮ ಲೆಕ್ಕ. ಪ್ರೊಬೇಷನ್ ಇರುವವರೆಗೆ ಹದಿನೈದು ದಿನದ ನೋಟಿಸ್, ಖಾಯಂ ಆದ ಮೇಲೆ ಒಂದು ತಿಂಗಳು ಅಂತ ಎಲ್ಲರೂ ಬರೆಯುತ್ತಾರೆ. ಅದರಲ್ಲೇ ತೊಡಕು. ಅಂಗಡಿ ಕಾಯ್ದೆಯ 39ನೇ ಕಲಮಿನ ಪ್ರಕಾರ ಸತತ ಆರು ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡದೆ ತೆಗೆಯುವಂತಿಲ್ಲ. ವಿಚಾರಣೆಯಲ್ಲಿ ಸಾಬೀತಾದ ದುರ್ನಡತೆಗೆ ಮಾತ್ರ ಈ ನೋಟಿಸ್ ಬೇಕಿಲ್ಲ. ಪ್ರೊಬೇಷನ್ ವಿಸ್ತರಿಸಿದ್ದೇವೆ ಅಂತ ಎಂಟನೇ ತಿಂಗಳಲ್ಲಿ ಹದಿನೈದು ದಿನದ ನೋಟಿಸ್ ಕೊಟ್ಟರೆ ನಮ್ಮದೇ ಪತ್ರ ಕಾಯ್ದೆಗೆ ಅಡ್ಡ ಬರುತ್ತದೆ. ಹಾಗಾಗಿ ನೋಟಿಸನ್ನು ಪ್ರೊಬೇಷನ್ನಿಗೆ ಕಟ್ಟದೆ, ಸೇವೆಯ ಅವಧಿಗೆ ಕಟ್ಟಿದೆ:

"ಮೊದಲ ಆರು ತಿಂಗಳು ಪ್ರೊಬೇಷನ್. ನಿಮ್ಮ ಕೆಲಸ ಸಾಲದೆಂದು ಕಂಡರೆ, ಕಾರಣ ಬರೆದು, ಒಂದು ಸಲ ಮಾತ್ರ ಮೂರು ತಿಂಗಳು ವಿಸ್ತರಿಸುತ್ತೇವೆ. ವಿಸ್ತರಣೆಯ ಪತ್ರ ಬರದಿದ್ದರೆ ಆರು ತಿಂಗಳ ಮಾರನೇ ದಿನದಿಂದ ನೀವು ಖಾಯಂ. ಕೆಲಸ ಬಿಡುವುದಾದರೆ ಅಥವಾ ಬಿಡಿಸುವುದಾದರೆ ಮೊದಲ ಆರು ತಿಂಗಳಲ್ಲಿ 15 ದಿನ, ಆಮೇಲೆ ಒಂದು ತಿಂಗಳು ಮುಂಚೆ ಇಬ್ಬರೂ ಲಿಖಿತವಾಗಿ ತಿಳಿಸಬೇಕು."

"ಬರದಿದ್ದರೆ ಖಾಯಂ" ಅನ್ನುವ ಸಾಲು ನಾನು ಬೇಕೆಂದೇ ಹಾಕಿದ್ದು. ಪತ್ರದಲ್ಲಿ ಏನೂ ಹೇಳದೆ ಬಿಟ್ಟರೆ, ಅವಧಿ ಮುಗಿದ ಮಾತ್ರಕ್ಕೆ ಖಾಯಂ ಆಯಿತು ಅಂತ ಸಾಮಾನ್ಯವಾಗಿ ಆಗುವುದಿಲ್ಲ. ಎಷ್ಟೋ ಕಡೆ ಮಕ್ಕಳು ವರ್ಷಗಟ್ಟಲೆ "ಪ್ರೊಬೇಷನ್ನಲ್ಲೇ" ಇರುವುದು ಹೀಗೆ. ಈ ಸಾಲು ನನ್ನನ್ನೂ ಕ್ಯಾಲೆಂಡರ್ ನೋಡುವಂತೆ ಮಾಡುತ್ತದೆ. ನೋಟಿಸಿನ ದಿನ ಕಡಿಮೆ ಬಿದ್ದರೆ ಒಂದು ದಿನದ ಸಂಬಳ ಎಷ್ಟು ಅನ್ನುವುದನ್ನೂ ಅಲ್ಲೇ ಹೇಳಬೇಕು, 26ರಿಂದ ಭಾಗಿಸುವುದೋ 30ರಿಂದಲೋ ಅಂತ ಕೊನೇ ದಿನ ಜಗಳ ಬೇಡ. ನಾನು 30 ಅಂತ ಬರೆದೆ. ಕೆಲಸ ಬಿಟ್ಟ ಮೇಲೆ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು ಅನ್ನುವುದು ವೇತನ ಸಂಹಿತೆಯಲ್ಲೇ ಇದೆ, ಅದನ್ನೂ ಸೇರಿಸಿದೆ.

ತೆಗೆದು ಹಾಕಿದ್ದೂ ಇದೆ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ವ್ಯಾಪಾರದ ಬೇರೆ ಕಡೆ ಸೇರಬಾರದು ಅನ್ನುವ ಕಲಮು ಅದರಲ್ಲೊಂದು. 1872ರ ಒಪ್ಪಂದ ಕಾಯ್ದೆಯ 27ನೇ ಕಲಮಿನ ಮುಂದೆ ಅದು ನಿಲ್ಲುವುದಿಲ್ಲ, ಸುಮ್ನೆ ಹೆದರಿಸಲು ಮಾತ್ರ. ನಮಗೆ ನಿಜಕ್ಕೂ ಬೇಕಿದ್ದು ಗಿರಾಕಿಗಳ ದರಪಟ್ಟಿ ಮತ್ತು ಉದ್ರಿ ಲೆಕ್ಕ ಹೊರಗೆ ಹೋಗಬಾರದು ಅನ್ನುವುದು. ಅದನ್ನೇ ಹೆಸರಿಟ್ಟು ಬರೆದೆ. ಅಸಲು ಅಂಕಪಟ್ಟಿ ಇಟ್ಟುಕೊಳ್ಳುವ ಪದ್ಧತಿಯೂ ಬೇಡವೆಂದೆ, ನೋಡಿ ವಾಪಸ್ ಕೊಟ್ಟು ಜೆರಾಕ್ಸ್ ಇಟ್ಟುಕೊಂಡರೆ ಸಾಕು.

ಕರಡು ಓದಿದ ಮಾಲೀಕರು, "ಇಷ್ಟ ಸಾದಾ ಬರದ್ರ ಕಾಗದಕ್ಕ ತೂಕ ಬರತೈತೇನ್ರೀ?" ಅಂದರು. ನೋಟಿಸ್ ಕಲಮನ್ನು ಹಳೇ ಪತ್ರದಿಂದ ಒಮ್ಮೆ, ಹೊಸದರಿಂದ ಒಮ್ಮೆ ಓದಿ ತೋರಿಸಿದೆ. ಹಳೇದರಲ್ಲಿ ಎಷ್ಟು ದಿನ ಅಂತ ಅವರಿಗೇ ಸಿಗಲಿಲ್ಲ. ಅವರು ಕೇಳಿಕೊಂಡಿದ್ದು ಒಂದೇ, ಕೆಲಸದ ವಿವರದ ಕೊನೆಗೆ "ಇದಕ್ಕೆ ಸಂಬಂಧಿಸಿದ ಇತರ ಕೆಲಸ" ಅಂತ ಇರಲಿ ಎಂದು. ಒಪ್ಪಿದೆ. ಆದರೆ ಅದರ ಮೇಲೆ ಬಿಲ್ಲಿಂಗ್, ಸ್ಟಾಕ್ ಎಂಟ್ರಿ, ತಿಂಗಳ ಕೊನೆಯ ಸ್ಟಾಕ್ ಎಣಿಕೆಯಲ್ಲಿ ನೆರವು ಅಂತ ಮೂರನ್ನೂ ಬಿಡಿಸಿ ಬರೆದಿದ್ದರಿಂದ, ಆ "ಇತರ" ಗೋಡೌನಿನ ಲೋಡಿಂಗ್‌ವರೆಗೆ ಹಿಗ್ಗುವುದಿಲ್ಲ.

ಪತ್ರ ಎರಡು ಪುಟಕ್ಕೆ ನಿಂತಿತು. ಎರಡು ಪ್ರತಿ ತೆಗೆದು, ಪ್ರತಿ ಪುಟಕ್ಕೂ ಇಬ್ಬರ ಸಹಿ. ಸೇರುವ ದಿನ ಬೆಳಿಗ್ಗೆ ಕೈಗೆ ಕೊಟ್ಟು ಅಲ್ಲೇ ಸಹಿ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಕರಡನ್ನು ಮುಂಚೆಯೇ ಮನೆಗೆ ಕಳಿಸಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ವಾರದ ರಜೆ ಭಾನುವಾರವೇನಾ, ಸ್ಟಾಕ್ ಎಣಿಕೆ ಭಾನುವಾರ ಬಿದ್ದರೆ ಬದಲಿ ರಜೆ ಇದೆಯಾ? ನ್ಯಾಯವಾದ ಪ್ರಶ್ನೆ. "ಭಾನುವಾರ ಕರೆದರೆ ಮುಂದಿನ ವಾರದೊಳಗೆ ಒಂದು ದಿನ ಬದಲಿ ರಜೆ" ಅಂತ ಸೇರಿಸಿ, ಪ್ರಿಂಟ್ ತೆಗೆದು ಸಹಿ ಮಾಡಿಸಿದೆ.