ಫೋನ್ ಉಜ್ಜುವ ಹೊತ್ತಿಗೆ ಬೇರೆ ಕೆಲಸ ಕೂರಿಸಿದ್ದು: ನನ್ನ ಅನುಭವ

ರಾತ್ರಿ ಫೋನ್ ಉಜ್ಜುವ ಚಟ ಬಿಡಬೇಕು ಅಂದುಕೊಂಡವರು ಮೊದಲು ಮಾಡುವುದು ಆ್ಯಪ್ ಅಳಿಸುವುದು, ಇಲ್ಲವೇ ಟೈಮರ್ ಹಾಕುವುದು. ಎರಡೂ ಕೆಲವು ದಿನ ನಡೆಯುತ್ತವೆ. ಆಮೇಲೆ ಅಳಿಸಿದ ಆ್ಯಪ್ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಟೈಮರ್ ಮುಗಿದಾಗ ಬರುವ ಪರದೆಯನ್ನು ಹೇಗೆ ದಾಟಬೇಕೆಂದು ಬೆರಳು ತಾನಾಗಿ ಕಲಿತುಬಿಡುತ್ತದೆ. ಚಟ ಗಟ್ಟಿ, ಮನಸ್ಸು ದುರ್ಬಲ ಎಂದು ಬೈದುಕೊಳ್ಳುವುದರಲ್ಲಿ ಅರ್ಥವಿಲ್ಲ. ಆ ಹೊತ್ತು ಖಾಲಿ ಬಿದ್ದಿದೆ, ಅಷ್ಟೇ. ಖಾಲಿ ಬಿದ್ದ ಹೊತ್ತಿಗೆ ಹಳೆಯ ಕೆಲಸವೇ ಬಂದು ಕೂರುತ್ತದೆ.

ಅದುಮಿಡುವುದರಲ್ಲಿ ಇನ್ನೊಂದು ತೊಡಕೂ ಇದೆ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಕೆಲವರನ್ನು ಕೂರಿಸಿ, ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ ಎಂದರು. ಕೂತವರಿಗೆ ಕರಡಿ ಮತ್ತೆ ಮತ್ತೆ ನೆನಪಾಯಿತು. ಆಮೇಲೆ ನೆನೆಯಬಹುದು ಎಂದಾಗ, ಮೊದಲಿನಿಂದಲೇ ನೆನೆಯಲು ಬಿಟ್ಟಿದ್ದವರಿಗಿಂತಲೂ ಹೆಚ್ಚು ನೆನಪಾಯಿತು. 'ಫೋನ್ ಮುಟ್ಟಲ್ಲ' ಎಂಬ ಹಟವೂ ಹಾಗೆಯೇ. ಅದನ್ನು ಕಾಯಲು ಫೋನನ್ನೇ ನೆನೆಯುತ್ತಾ ಕೂರಬೇಕಾಗುತ್ತದೆ.

ಇದಕ್ಕೆ ಬದಲಿನ ದಾರಿ ಹಳೆಯದೇ. 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಉಗುರು ಕಚ್ಚುವುದು, ಮುಖ ಸೆಳೆತದಂಥ ಅಭ್ಯಾಸಗಳಿಗೆ ಒಂದು ಕ್ರಮ ಕಟ್ಟಿದರು. ಅಭ್ಯಾಸ ಶುರುವಾಗುವ ಗಳಿಗೆಯನ್ನು ಹಿಡಿಯುವುದು, ಅದೇ ಗಳಿಗೆಯಲ್ಲಿ ಅದರ ಜೊತೆ ಮಾಡಲಾಗದ ಇನ್ನೊಂದು ಕೆಲಸಕ್ಕೆ ಕೈ ಹಚ್ಚುವುದು. ಉಗುರು ಕಚ್ಚುವ ಕೈಯನ್ನು ಮುಷ್ಟಿ ಕಟ್ಟಿದರೆ ಬಾಯಿಗೆ ಹೋಗಲಾರದು. ನಾನು ಫೋನಿಗೆ ಹಚ್ಚಿದ್ದು ಇದೇ ಲೆಕ್ಕವನ್ನು.

ನಮ್ಮದು ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಮೇಯಿಸುವ ಮನೆ. ಉದಾಹರಣೆಯೂ ಅಲ್ಲಿಂದಲೇ. ನಿಮ್ಮ ಮನೆಯ ಕೆಲಸ ಬೇರೆಯಿದ್ದರೂ ಹುಡುಕುವ ರೀತಿ ಒಂದೇ.

ಮೊದಲ ವಾರ ಏನನ್ನೂ ಬದಲಿಸಬಾರದು, ಬರೆದಿಡಬೇಕು ಅಷ್ಟೇ. ಮಲಗುವ ಜಾಗದಲ್ಲಿ ಒಂದು ಚೀಟಿ, ಒಂದು ಪೆನ್ಸಿಲ್. ಫೋನ್ ಕೈಗೆ ಬಂದದ್ದು ಗಮನಕ್ಕೆ ಬಂದ ಕೂಡಲೇ ಐದು ಮಾತು: ಗಂಟೆ ಎಷ್ಟು, ಎಲ್ಲಿ ಕೂತಿದ್ದೇನೆ, ಪಕ್ಕದಲ್ಲಿ ಯಾರಿದ್ದಾರೆ, ಮನಸ್ಸು ಹೇಗಿದೆ, ಇದಕ್ಕೆ ಸ್ವಲ್ಪ ಮುಂಚೆ ಏನು ಮಾಡಿ ಮುಗಿಸಿದೆ. ಇದನ್ನು ಫೋನಿನಲ್ಲೇ ಬರೆದಿಟ್ಟುಕೊಳ್ಳಲು ಹೋಗಬೇಡಿ, ಬರೆಯಲು ತೆರೆದವರು ಅಲ್ಲೇ ಉಳಿಯುತ್ತಾರೆ. ವಾರದ ಕೊನೆಗೆ ಚೀಟಿಗಳನ್ನು ಸಾಲಾಗಿ ಇಟ್ಟು ನೋಡಿದರೆ ನಾಲ್ಕು ಉತ್ತರ ಅತ್ತಿತ್ತ ಆಗಿರುತ್ತವೆ, ಒಂದು ಮಾತ್ರ ಹೆಚ್ಚುಕಡಿಮೆ ದಿನವೂ ಅದೇ ಇರುತ್ತದೆ. ಅದೇ ಸುಳಿವು. ನನ್ನ ಚೀಟಿಗಳಲ್ಲಿ ಗಂಟೆ ಬದಲಾಗುತ್ತಿತ್ತು, ಮನಸ್ಸೂ ಬದಲಾಗುತ್ತಿತ್ತು. ಬದಲಾಗದೆ ನಿಂತದ್ದು ಕೊನೆಯದು: ಹುಳಕ್ಕೆ ರಾತ್ರಿಯ ಸೊಪ್ಪು ಹಾಕಿ, ಕೈಕಾಲು ತೊಳೆದು, ಕುರ್ಚಿಗೆ ಒರಗಿದ್ದು. ಚಟಕ್ಕೆ ಕಾರಣ ಹತ್ತು ಗಂಟೆಯಾಗಲಿ ಬೇಸರವಾಗಲಿ ಆಗಿರಲಿಲ್ಲ. ದಿನದ ಕೊನೆಯ ಕೆಲಸ ಮುಗಿಯಿತು ಎನ್ನುವುದೇ ಕಾರಣವಾಗಿತ್ತು.

ಮುಂದಿನದು ಬಹಳ ಮಂದಿ ದಾಟಿ ಹೋಗುವ ಹೆಜ್ಜೆ. ಫೋನ್ ಆ ಹೊತ್ತಿನಲ್ಲಿ ನಮಗೆ ಏನು ಕೊಡುತ್ತಿದೆ? 'ಟೈಂಪಾಸ್' ಅನ್ನುವುದು ಉತ್ತರವಲ್ಲ. ಕೂತು ಯೋಚಿಸಿದರೂ ಹೊಳೆಯುವುದಿಲ್ಲ, ಮಾಡಿಯೇ ನೋಡಬೇಕು. ಎರಡು ಮೂರು ದಿನಕ್ಕೊಂದರಂತೆ ಬೇರೆ ಬೇರೆ ಕೆಲಸ ಅದೇ ಕುರ್ಚಿಯಲ್ಲಿ ಮಾಡಿ, ಮುಗಿಸಿ ಹದಿನೈದು ನಿಮಿಷ ಬಿಟ್ಟು ಕೇಳಿಕೊಳ್ಳಬೇಕು: ಕೈ ಇನ್ನೂ ಫೋನ್ ಹುಡುಕುತ್ತಿದೆಯೇ? ಹುಡುಕುತ್ತಿದ್ದರೆ ಆ ಕೆಲಸ ಬೇರೇನೋ ಕೊಟ್ಟಿದೆ, ಬೇಕಾದ್ದನ್ನು ಕೊಟ್ಟಿಲ್ಲ. ಬಿಸಿ ಹಾಲು ಕುಡಿದು ನೋಡಿದಾಗ ಹುಡುಕಾಟ ನಿಲ್ಲಲಿಲ್ಲ, ಹಾಗಾಗಿ ಹಸಿವಲ್ಲ. ಮನೆಯವರ ಜೊತೆ ಮಾತಾಡುತ್ತಾ ಕೂತರೂ ನಿಲ್ಲಲಿಲ್ಲ, ಮಾತು ಮತ್ತೆ ನಾಳೆಯ ಸೊಪ್ಪು, ಕೂಲಿ, ಸಾಲದ ಕಂತಿಗೇ ಹೋಗುತ್ತಿತ್ತು. ಸುಮ್ಮನೆ ಕಣ್ಣು ಮುಚ್ಚಿ ಕೂತರೆ ಇನ್ನೂ ಹೆಚ್ಚಾಯಿತು. ಹಳೆಯ ವಾರಪತ್ರಿಕೆಯ ಪದಬಂಧ ತುಂಬಿಸಿದಾಗ ನಿಂತಿತು. ಅಂದರೆ ಬೇಕಿದ್ದದ್ದು ಎರಡು: ಯಾರೂ ಏನೂ ಕೇಳದ ಸ್ವಲ್ಪ ಹೊತ್ತು, ಮತ್ತು ಮುಂದೇನು ಬರುತ್ತದೋ ಎಂಬ ಸಣ್ಣ ಕುತೂಹಲ.

ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ರೀಲ್ಸ್ ಹಿಡಿದಿಡುವುದು ಒಳ್ಳೆಯ ವಿಡಿಯೋಗಳಿಂದಲ್ಲ. ಹತ್ತು ಸಪ್ಪೆಯವುಗಳ ನಡುವೆ ಎಲ್ಲೋ ಒಂದು ಒಳ್ಳೆಯದು, ಅದೂ ಎಷ್ಟನೆಯದಕ್ಕೆ ಎಂದು ಗೊತ್ತಿಲ್ಲದೆ ಬರುವುದರಿಂದ. ಹಾಗಾಗಿ ಬದಲಿ ಕೆಲಸದಲ್ಲಿಯೂ ಒಂದಿಷ್ಟು ಅನಿರೀಕ್ಷಿತ ಇರಬೇಕು. ಆದರೆ ಫೋನಿಗಿಲ್ಲದ ಒಂದು ಗುಣವೂ ಬೇಕು, ಅದು ಮುಗಿಯಬೇಕು. ಪದಬಂಧ ಒಂದು ಪುಟಕ್ಕೆ ಮುಗಿಯುತ್ತದೆ, ಉಳಿದ ಮನೆಗಳು ತುಂಬದಿದ್ದರೆ ನಾಳೆಗೆ. ಅವರೆಕಾಯಿ ಕಾಲದಲ್ಲಿ ಇದಕ್ಕಿಂತ ಒಳ್ಳೆಯದು ಸಿಗುತ್ತದೆ. ಹಗಲು ಕಾಳು ನೆನೆಹಾಕಿ, ರಾತ್ರಿ ಒಂದು ಬೋಗುಣಿ ಹಿದುಕಲು ಕೂರುವುದು. ಎರಡೂ ಕೈ ಒದ್ದೆ, ಒದ್ದೆ ಬೆರಳಿಗೆ ಪರದೆ ಸರಿಯಾಗಿ ಓಡುವುದಿಲ್ಲ, ಬೋಗುಣಿ ಖಾಲಿಯಾದರೆ ಕೆಲಸ ಮುಗಿಯಿತು. ಕುತೂಹಲದ ಪಾಲಿಗೆ ಪಕ್ಕದಲ್ಲಿ ರೇಡಿಯೋ. ಬೆಳಿಗ್ಗೆ ಮುದ್ದೆಗೆ ಸಾರೂ ಆಯಿತು. ಆದರೆ ಇದು ಚಳಿಗಾಲದ ಕೆಲವು ವಾರದ ಮಾತು. ವರ್ಷಪೂರ್ತಿ ನಿಲ್ಲುವುದು ಪದಬಂಧವೇ.

ಕೂರಿಸಿದ ರೀತಿ ಹೀಗೆ. ಒಂದು ರಟ್ಟಿಗೆ ಕ್ಲಿಪ್ಪಿನಲ್ಲಿ ಪದಬಂಧದ ಹಾಳೆ, ದಾರ ಕಟ್ಟಿದ ಪೆನ್ಸಿಲ್. ಇದನ್ನು ಹಗಲೇ ಕುರ್ಚಿಯ ಮೇಲೆ ಇಟ್ಟುಬಿಡಬೇಕು. ರಾತ್ರಿ ಹುಡುಕುವಂತಾದರೆ ಫೋನೇ ಗೆಲ್ಲುತ್ತದೆ, ಏಕೆಂದರೆ ಅದು ಜೇಬಿನಲ್ಲೇ ಇರುತ್ತದೆ. ಫೋನಿನ ಚಾರ್ಜರನ್ನು ಹಾಸಿಗೆಯ ಪಕ್ಕದಿಂದ ಕಿತ್ತು, ಕೈತೊಳೆಯುವ ಜಾಗಕ್ಕೂ ಕುರ್ಚಿಗೂ ನಡುವಿನ ಪ್ಲಗ್ಗಿಗೆ ಹಾಕಬೇಕು. ಫೋನ್ ಇಡಲು ಬೇರೆ ಕೋಣೆಗೆ ನಡೆಯಬೇಕಾದರೆ ಮೂರನೇ ದಿನಕ್ಕೇ ನಿಂತುಹೋಗುತ್ತದೆ, ದಾರಿಯಲ್ಲಿದ್ದರೆ ಕೈ ತಾನಾಗಿ ಇಡುತ್ತದೆ. ಅಲಾರಂಗೆ ಒಂದು ಗಡಿಯಾರ ಬೇರೆ ಇರಲಿ, ಇಲ್ಲವಾದರೆ ಅಲಾರಂ ನೆಪದಲ್ಲಿ ಫೋನ್ ದಿಂಬಿನಡಿ ಬರುತ್ತದೆ. ಆಮೇಲೆ ಒಂದೇ ವಾಕ್ಯ ಬರೆದು ರಟ್ಟಿನ ಹಿಂದೆ ಅಂಟಿಸುವುದು: 'ರಾತ್ರಿಯ ಸೊಪ್ಪು ಹಾಕಿ ಕೈ ಒರೆಸಿದ ಕೂಡಲೇ ಫೋನ್ ಚಾರ್ಜಿಗೆ, ರಟ್ಟು ಕೈಗೆ.' 'ಇನ್ನು ಮೇಲೆ ಫೋನ್ ಕಡಿಮೆ ನೋಡುತ್ತೇನೆ' ಎಂದು ಬರೆದರೆ ಪ್ರಯೋಜನವಿಲ್ಲ. ಯಾವಾಗ, ಏನು ಮಾಡಬೇಕು ಎಂಬುದು ಅದರಲ್ಲಿಲ್ಲ.

ನಮ್ಮ ಕಡೆಯವರು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ, ನ್ಯಾಯವಾದದ್ದೇ. ತ್ರೀಫೇಸ್ ಕರೆಂಟು ರಾತ್ರಿ ಯಾವಾಗಲೋ ಬರುತ್ತದೆ, ಬೋರಿನ ಮೊಬೈಲ್ ಸ್ಟಾರ್ಟರ್ ಫೋನ್ ಮಾಡುತ್ತದೆ, ಸ್ವಿಚ್ ಆಫ್ ಮಾಡಿದರೆ ತೋಟಕ್ಕೆ ನೀರಿಲ್ಲ. ಆಫ್ ಮಾಡಬೇಕಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ Do Not Disturb ಹಾಕಿ, ಕರೆಗಳಿಗೆ Starred contacts ಮಾತ್ರ ಬಿಡುವಂತೆ ಮಾಡಿ. ಸ್ಟಾರ್ಟರಿನ ನಂಬರನ್ನೂ ಮನೆಯ ನಾಲ್ಕಾರು ನಂಬರನ್ನೂ ನಕ್ಷತ್ರ ಒತ್ತಿ ಸೇರಿಸಿ. ಆ ಕರೆಗಳು ಜೋರಾಗಿ ಕೇಳುತ್ತವೆ, ಗ್ರೂಪುಗಳ ಟಿಂಗ್ ಟಿಂಗ್ ಬರುವುದಿಲ್ಲ. Digital Wellbeing ಒಳಗಿನ Bedtime mode ಪರದೆಯನ್ನು ಕಪ್ಪುಬಿಳಿ ಮಾಡುತ್ತದೆ, ಅದನ್ನೂ ಇದೇ ಹೊತ್ತಿಗೆ ಹೊಂದಿಸಬಹುದು. ಇವೆಲ್ಲ ಆಸರೆ ಮಾತ್ರ. ಬದಲಿ ಕೆಲಸ ಇಲ್ಲದೆ ಇವನ್ನಷ್ಟೇ ಹಾಕಿಕೊಂಡರೆ ಮತ್ತೆ ಆ ಟೈಮರಿನ ಕತೆಯೇ.

ಇನ್ನೊಂದು ನೆಪ ರೇಷ್ಮೆ ಗೂಡಿನ ರೇಟು. 'ಮಾರ್ಕೆಟ್ ಎಷ್ಟು ಹೋಯಿತು ನೋಡಿ ಇಟ್ಟುಬಿಡುತ್ತೇನೆ' ಎಂದು ತೆಗೆದ ಫೋನ್ ಒಂದು ಗಂಟೆ ಕೆಳಗಿಳಿಯುವುದಿಲ್ಲ. ಹರಾಜು ಹಗಲೇ ಮುಗಿದಿರುತ್ತದೆ, ರಾತ್ರಿ ಹತ್ತಕ್ಕೆ ರೇಟು ಬದಲಾಗುವುದಿಲ್ಲ. ಮಧ್ಯಾಹ್ನದ ಊಟದ ಮೇಲೆ ನೋಡಿ, ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆದುಬಿಟ್ಟರೆ ರಾತ್ರಿಗೆ ಈ ಬಾಗಿಲು ಮುಚ್ಚುತ್ತದೆ. ನಿಮ್ಮ ಮನೆಯಲ್ಲಿ ಇದು ಟೊಮೆಟೊ ಬೆಲೆಯಿರಬಹುದು, ಮಗುವಿನ ಶಾಲೆಯ ಗ್ರೂಪಿರಬಹುದು. ನಿಜವಾದ ಕೆಲಸವೊಂದು ಫೋನಿಗೆ ಕರೆಯುತ್ತಿದ್ದರೆ ಅದಕ್ಕೆ ಹಗಲಿನಲ್ಲಿ ಹೊತ್ತು ಗೊತ್ತುಮಾಡಲೇಬೇಕು.

ಕೆಡುವುದು ಎಲ್ಲಿ? ಹೆಚ್ಚಾಗಿ ಬದಲಿ ಕೆಲಸದ ಆಯ್ಕೆಯಲ್ಲೇ. ದಪ್ಪ ಪುಸ್ತಕ, ಇಂಗ್ಲಿಷ್ ಕಲಿಕೆ, ಧ್ಯಾನ, ಹೀಗೆ ದೊಡ್ಡದನ್ನೇ ಆರಿಸುತ್ತಾರೆ. ದಣಿದ ದೇಹಕ್ಕೆ ಅದರ ಫಲ ತಿಂಗಳುಗಳಾಚೆ, ಫೋನಿನದು ಮೂರು ಸೆಕೆಂಡಿನಲ್ಲಿ. ಗುರುತು ಸುಲಭ: ಮೊದಲ ಹೆಜ್ಜೆಯನ್ನೇ ಮುಂದೂಡುತ್ತಿದ್ದರೆ ಕೆಲಸ ಭಾರವಾಗಿದೆ. ಶುರು ಮಾಡಿ ಐದು ನಿಮಿಷಕ್ಕೆ ಫೋನಿನತ್ತ ಎದ್ದರೆ, ಬೇಕಾದ್ದನ್ನು ಅದು ಕೊಡುತ್ತಿಲ್ಲ. ಮೊದಲನೆಯದಕ್ಕೆ ಕೆಲಸವನ್ನು ಚಿಕ್ಕದು ಮಾಡಿ, ಎರಡನೆಯದಕ್ಕೆ ಕೆಲಸವನ್ನೇ ಬದಲಿಸಿ. ಪದಬಂಧದ ಆ್ಯಪ್, ಫೋನಿನಲ್ಲಿ ಆಡಿಯೋ ಕತೆ, ಇವು ಬದಲಿಯೇ ಅಲ್ಲ. ಫೋನ್ ಮತ್ತೆ ಕೈಯಲ್ಲೇ ಇರುತ್ತದೆ.

ನಡುರಾತ್ರಿ ಎಚ್ಚರವಾಗಿ ಫೋನ್ ತೆಗೆಯುವುದನ್ನು ಇದರ ಜೊತೆ ಸೇರಿಸಬಾರದು. ಅದರ ಸುಳಿವು ಬೇರೆ, ಬೇಕಾದ್ದೂ ಬೇರೆ. ನನಗೆ ಅಲ್ಲಿ ಗಂಟೆ ಎಷ್ಟೆಂದು ತಿಳಿಯುವುದಷ್ಟೇ ಬೇಕಿತ್ತು, ಗಡಿಯಾರ ಸಾಕಾಯಿತು. ರಾತ್ರಿ ರಾತ್ರಿ ಗಂಟೆಗಟ್ಟಲೆ ನಿದ್ದೆಯೇ ಬರದೆ ಫೋನ್ ಹಿಡಿಯುವವರಿಗೆ ಈ ಉಪಾಯ ಸಾಲದು. ಅವರು ಡಾಕ್ಟರರಿಗೆ ತೋರಿಸಬೇಕು.

ಎಷ್ಟು ದಿನ ಹಿಡಿಯುತ್ತದೆ ಎಂಬುದಕ್ಕೆ 21 ದಿನದ ಮಾತು ಎಲ್ಲೆಡೆ ಓಡಾಡುತ್ತದೆ. 2010ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಮಧ್ಯದ ಲೆಕ್ಕ 66 ದಿನ, ಜನರಿಂದ ಜನರಿಗೆ 18ರಿಂದ 254. ಅದೂ ಹಣ್ಣು ತಿನ್ನುವುದು, ನಡೆಯುವುದರಂಥ ಹೊಸದನ್ನು ಸೇರಿಸುವ ಲೆಕ್ಕ, ಹಳೆಯದರ ಜಾಗದಲ್ಲಿ ಕೂರಿಸುವುದರ ಲೆಕ್ಕವಲ್ಲ. ಒಂದು ದಿನ ತಪ್ಪಿದರೆ ಬೆಳವಣಿಗೆಗೆ ಹೇಳುವಂಥ ಧಕ್ಕೆಯಿಲ್ಲ ಎಂಬುದೂ ಅದರಲ್ಲೇ ಕಂಡಿತ್ತು. ತಪ್ಪಿದ ಮರುದಿನ 'ಮೊದಲಿಂದ ಶುರು' ಎಂದು ಎಣಿಸುವ ಅಗತ್ಯವಿಲ್ಲ.

ಹುಳದ ಮನೆಯವರಿಗೆ ಮಾತ್ರ ಇನ್ನೊಂದು ತೊಡಕು ಉಳಿಯುತ್ತದೆ. ಚಾಕಿ ಹುಳ, ಅಂದರೆ ಮರಿಹುಳ, ತಂದ ಮೇಲೆ ಸುಮಾರು ಎರಡೂವರೆ ವಾರಕ್ಕೆ ಹುಳ ಹಣ್ಣಾಗಿ ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿ ಹತ್ತುತ್ತದೆ, ಸೊಪ್ಪು ಹಾಕುವುದು ನಿಲ್ಲುತ್ತದೆ. ಗೂಡು ಬಿಡಿಸಿ, ಮನೆ ತೊಳೆದು ಔಷಧಿ ಹೊಡೆದು, ಮುಂದಿನ ಬೆಳೆ ಬರುವತನಕ ಆ ಸುಳಿವೇ ಇರುವುದಿಲ್ಲ. ಹಳೆಯ ಅಭ್ಯಾಸ ಅಳಿಸಿಹೋಗಿರುವುದಿಲ್ಲವಾದ್ದರಿಂದ ಈ ಬಿಡುವಿನಲ್ಲೇ ಮರಳಿ ಬರುತ್ತದೆ. ಹಾಗಾಗಿ ಬೆಳೆ ನಡೆಯುತ್ತಿರುವಾಗಲೇ ಕೊಂಡಿಯನ್ನು ದಿನವೂ ತಪ್ಪದ ಕೆಲಸಕ್ಕೆ ದಾಟಿಸಿಡಬೇಕು. ಸೊಪ್ಪು ಹಾಕಿ ಬಂದು ಹೊರಬಾಗಿಲ ಚಿಲಕ ಹಾಕಿ, ಆಮೇಲೆ ಫೋನ್ ಚಾರ್ಜಿಗೆ. ಹುಳ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಏಳುವಷ್ಟರಲ್ಲಿ ರಟ್ಟಿನ ಹಿಂದಿನ ವಾಕ್ಯದಲ್ಲೂ 'ಸೊಪ್ಪು' ಹೊಡೆದು 'ಚಿಲಕ' ಎಂದು ಬರೆಯಬೇಕು. ಹುಳ ಇರಲಿ ಬಿಡಲಿ, ಚಿಲಕವನ್ನಂತೂ ದಿನವೂ ಹಾಕುತ್ತೇವೆ.